ಟೆಂಡರ್ ಗಡುವು ವಿಸ್ತರಣೆ: ಕೇಳುವ ಕಾರಣ ಕಡತದಲ್ಲಿ ನಿಲ್ಲಬೇಕು

ಸಂಜೆ ನಾಲ್ಕಕ್ಕೆ ಮುಚ್ಚಬೇಕಾದ ಟೆಂಡರ್ ನಾಲ್ಕು ಗಂಟೆ ಒಂದು ನಿಮಿಷಕ್ಕೆ ತೆರೆದಿರುವುದಿಲ್ಲ. ಹಿಂದೆ ಲಕೋಟೆಯನ್ನು ಕಚೇರಿಯ ಪೆಟ್ಟಿಗೆಗೆ ಹಾಕುತ್ತಿದ್ದ ಕಾಲದಲ್ಲಿ ಗಡಿಯಾರ ನೋಡುವ ಮನುಷ್ಯನೊಬ್ಬ ಅಲ್ಲಿರುತ್ತಿದ್ದ. ಈಗ ಕೆಪಿಪಿಪಿ ಎಂದು ಕರೆಯುವ ರಾಜ್ಯದ ಇ-ಖರೀದಿ ಪೋರ್ಟಲ್‌ನಲ್ಲಿ ಸರ್ವರ್‌ನ ಗಡಿಯಾರವೇ ಅಂತಿಮ. ನಿಮ್ಮ ಮೊಬೈಲ್ ತೋರಿಸುವ ಸಮಯಕ್ಕೆ ಅಲ್ಲಿ ಬೆಲೆಯಿಲ್ಲ. ಕಡತಗಳನ್ನೆಲ್ಲ ಅಪ್‌ಲೋಡ್ ಮಾಡಿ, ಕೊನೆಯ ಸಲ್ಲಿಕೆಯ ಗುಂಡಿ ಒತ್ತುವುದರೊಳಗೆ ವೇಳೆ ಮೀರಿದರೆ ಆ ಟೆಂಡರ್ ಸಲ್ಲಿಕೆಯಾಗಿಲ್ಲ ಎಂದೇ ಲೆಕ್ಕ.

ವೇಳೆ ಮೀರಿದ ಮೇಲೆ ನ್ಯಾಯಾಲಯದಿಂದ ಪರಿಹಾರ ಸಿಗುವುದೂ ಕಷ್ಟ. ಮಹಾರಾಷ್ಟ್ರದ ಗೃಹನಿರ್ಮಾಣ ಪ್ರಾಧಿಕಾರ ಮ್ಹಾಡಾ ಕರೆದಿದ್ದ ಒಂದು ದೊಡ್ಡ ಟೆಂಡರಿನಲ್ಲಿ ಶಾಪೂರ್ಜಿ ಪಲ್ಲೋಂಜಿ ಕಂಪನಿಯ ಬಿಡ್ ಪೋರ್ಟಲ್‌ನಲ್ಲಿ ಪೂರ್ತಿಯಾಗಿ ಸಲ್ಲಿಕೆಯಾಗಿರಲಿಲ್ಲ. ತಾಂತ್ರಿಕ ದೋಷವೇ ಅದಕ್ಕೆ ಕಾರಣ ಎಂದು ಕಂಪನಿ ವಾದಿಸಿತು. ಬಾಂಬೆ ಹೈಕೋರ್ಟ್ ಆ ವಾದವನ್ನು ಒಪ್ಪಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಅಷ್ಟು ದೊಡ್ಡ ಕಂಪನಿಗೇ ಗಡುವು ಮುಗಿದ ಮೇಲೆ ದಾರಿ ಸಿಗಲಿಲ್ಲ ಎಂದ ಮೇಲೆ ಸಣ್ಣ ಪೂರೈಕೆದಾರರು ಆ ದಾರಿಯನ್ನು ನಂಬಿ ಕೂರುವಂತಿಲ್ಲ.

ಗಡುವು ಮುಗಿಯುವ ಮುನ್ನ ಮಾತ್ರ ಒಂದು ದಾರಿ ನಿಜವಾಗಿಯೂ ಇದೆ. ಟೆಂಡರ್ ಕರೆದ ಪ್ರಾಧಿಕಾರ ಕೊನೆಯ ದಿನಾಂಕವನ್ನು ಮುಂದಕ್ಕೆ ಹಾಕಬಹುದು. ಅದನ್ನು ಕೇಳುವ ಹಕ್ಕು ಟೆಂಡರ್ ಹಾಕಲು ಹೊರಟ ಪ್ರತಿಯೊಬ್ಬರಿಗೂ ಇದೆ. ಆದರೆ ಹೀಗೆ ಬರುವ ಬಹುಪಾಲು ಕೋರಿಕೆಗಳು ಕಡತದಲ್ಲೇ ಉಳಿದುಬಿಡುತ್ತವೆ. ಅದಕ್ಕೆ ಅಧಿಕಾರಿಯ ಮೊಂಡುತನಕ್ಕಿಂತ ಹೆಚ್ಚಾಗಿ ಪತ್ರದಲ್ಲಿ ಬರೆದ ಕಾರಣವೇ ಹೊಣೆ.

ವಿಸ್ತರಣೆ ಒಬ್ಬರಿಗೆ ಸಿಗುವುದಲ್ಲ

ಅರ್ಜಿ ಬರೆಯುವವರು ಮೊದಲು ತಿಳಿಯಬೇಕಾದ ಸಂಗತಿ ಇದು. ಬ್ಯಾಂಕಿನಲ್ಲಿ ಸಾಲದ ಕಂತಿಗೆ ಸಮಯ ಕೇಳಿದರೆ ಅದು ನಿಮಗೂ ಬ್ಯಾಂಕಿಗೂ ನಡುವಿನ ವ್ಯವಹಾರ. ಟೆಂಡರ್ ಹಾಗಲ್ಲ. ನೀವು ಕೇಳಿದ ಹದಿನಾಲ್ಕು ದಿನ ನಿಮ್ಮ ಜತೆ ಸ್ಪರ್ಧಿಸುವ ಎಲ್ಲರಿಗೂ ಸಿಗುತ್ತದೆ. ಆಗಲೇ ಸಿದ್ಧರಾಗಿ ಕುಳಿತವರೂ ಕಾಯಬೇಕಾಗುತ್ತದೆ. ಈವರೆಗೆ ಆ ಟೆಂಡರನ್ನು ನೋಡದೇ ಇದ್ದವರೂ ಒಳಗೆ ಬರಬಹುದು. ಒಬ್ಬರಿಗೆ ಮಾತ್ರ ತಡವಾಗಿ ಕೊಡಲು ಬಿಡುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ.

ಹಾಗಾಗಿ ಅಧಿಕಾರಿಯ ಮುಂದಿರುವ ಪ್ರಶ್ನೆ ನಿಮಗೆ ಸಮಯ ಸಾಕಾಯಿತೇ ಎನ್ನುವುದಲ್ಲ. ಈ ದಿನಾಂಕದಲ್ಲೇ ಉಳಿದರೆ ಸ್ಪರ್ಧೆ ಸೊರಗುತ್ತದೆಯೇ, ವಿಸ್ತರಿಸಿದರೆ ಖರೀದಿಗೆ ತೊಂದರೆಯಾಗುತ್ತದೆಯೇ ಎನ್ನುವುದನ್ನು ಅವರು ತೂಗಬೇಕು. ತೂಗಿ ಬಂದ ನಿರ್ಧಾರವನ್ನು ಟಿಪ್ಪಣಿಯಾಗಿ ಕಡತದಲ್ಲಿ ಬರೆದು ಮೇಲಧಿಕಾರಿಯ ಒಪ್ಪಿಗೆ ಪಡೆಯಬೇಕು. ಎರಡು ವರ್ಷದ ಮೇಲೆ ಲೆಕ್ಕಪರಿಶೋಧನೆಗೆ ಬಂದವರು ಆ ಕಡತ ತೆರೆದು, ಯಾರ ಕೋರಿಕೆಯ ಮೇಲೆ ದಿನಾಂಕ ಮುಂದಕ್ಕೆ ಹೋಯಿತು, ಕೊನೆಗೆ ಕೆಲಸ ಯಾರಿಗೆ ಸಿಕ್ಕಿತು ಎಂದು ಕೇಳುತ್ತಾರೆ. ಕೋರಿದವರಿಗೇ ಕೆಲಸ ಸಿಕ್ಕಿದ್ದರೆ ಆ ಪ್ರಶ್ನೆ ಇನ್ನಷ್ಟು ಹರಿತವಾಗಿರುತ್ತದೆ. ಅಂದು ಅಧಿಕಾರಿಯ ಕೈಯಲ್ಲಿ ಉತ್ತರವಾಗಿ ಇರುವುದು ನೀವು ಬರೆದ ಪತ್ರ ಮತ್ತು ಅದರ ಹಿಂದೆ ಲಗತ್ತಿಸಿದ ದಾಖಲೆ, ಇಷ್ಟೇ.

ಕಾನೂನು ಕೂಡ ಸಮಯದ ವಿಷಯವನ್ನು ಹಗುರವಾಗಿ ನೋಡಿಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದ್ದು. ಅದರ ಅಡಿಯ ನಿಯಮಗಳು 2000ದಲ್ಲಿ ಬಂದವು. ಟೆಂಡರ್ ಸಲ್ಲಿಸಲು ಕನಿಷ್ಠ ಎಷ್ಟು ದಿನ ಕೊಡಬೇಕು ಎನ್ನುವುದು ಆ ನಿಯಮಗಳ 17ನೆಯದರಲ್ಲಿದೆ. ಮೂಲದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ 30 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 60 ದಿನ ಎಂದಿತ್ತು. ಅದಕ್ಕಿಂತ ಕಡಿಮೆ ಮಾಡುವುದಾದರೆ ಟೆಂಡರ್ ಕರೆಯುವವರಿಗಿಂತ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಬೇಕು. ಆಮೇಲಿನ ತಿದ್ದುಪಡಿಗಳಲ್ಲಿ ಈ ದಿನಗಳು ಬದಲಾಗಿರುವುದರಿಂದ ನಿಮ್ಮ ಟೆಂಡರ್ ಪ್ರಕಟವಾದ ದಿನ ಜಾರಿಯಲ್ಲಿದ್ದ ಅವಧಿಯನ್ನೇ ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರದ ಖರೀದಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅಲ್ಲಿ ಜಾಹೀರಾತಿನ ಟೆಂಡರಿಗೆ ಸಾಮಾನ್ಯವಾಗಿ ಕನಿಷ್ಠ ಮೂರು ವಾರ, ವಿದೇಶದಿಂದಲೂ ಬಿಡ್ ಬೇಕಿದ್ದರೆ ನಾಲ್ಕು ವಾರ.

ಯಾವ ಕಾರಣ ನಿಲ್ಲುತ್ತದೆ

ಕಾರಣ ಟೆಂಡರಿನೊಳಗೇ ಇದ್ದರೆ ಅದು ನಿಲ್ಲುತ್ತದೆ. ಅದು ನಿಮ್ಮ ಕಚೇರಿಯೊಳಗಿನದಾದರೆ ನಿಲ್ಲುವುದಿಲ್ಲ. ಗಡುವಿನ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಅಳತೆಗೋಲು ಬೇರೆ ಇಲ್ಲ.

ನಮ್ಮ ಎಂಜಿನಿಯರ್ ರಜೆಯಲ್ಲಿದ್ದಾರೆ, ಮಾಲೀಕರು ಊರಲ್ಲಿಲ್ಲ, ಟೆಂಡರ್ ಪ್ರಕಟಣೆ ತಡವಾಗಿ ಕಣ್ಣಿಗೆ ಬಿತ್ತು, ಡಿಜಿಟಲ್ ಸಹಿಯ ಅವಧಿ ಮುಗಿದಿತ್ತು ಎಂದೆಲ್ಲ ಬರೆಯುತ್ತಾರೆ. ಇವೆಲ್ಲ ನಿಜವೇ ಇರಬಹುದು. ಆದರೆ ಇವು ಒಬ್ಬ ಸ್ಪರ್ಧಿಯ ತೊಂದರೆಗಳು. ಅದೇ ಮೂವತ್ತು ದಿನದಲ್ಲಿ ಬೇರೆಯವರು ಸಿದ್ಧರಾಗಿದ್ದಾರೆ ಎಂದರೆ ಅಧಿಕಾರಿಯ ಬಳಿ ಮರುಮಾತಿಲ್ಲ.

ಇನ್ನೊಂದು ಬಗೆಯ ಕಾರಣಗಳನ್ನು ನೋಡಿ. ಟೆಂಡರ್ ಷರತ್ತನ್ನೇ ಮಧ್ಯದಲ್ಲಿ ಬದಲಿಸಿದ್ದಾರೆ. ಟೆಂಡರ್ ಪೂರ್ವ ಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಬಂದಿದ್ದೇ ಕೊನೆಯ ವಾರದಲ್ಲಿ. ನಕ್ಷೆ ಅಥವಾ ಪರಿಮಾಣ ಪಟ್ಟಿಯ ಕಡತ ಪೋರ್ಟಲ್‌ನಲ್ಲಿ ತೆರೆಯುತ್ತಿಲ್ಲ. ಕಾಮಗಾರಿಯ ಸ್ಥಳ ನೋಡಬೇಕೆಂದು ಷರತ್ತು ಹಾಕಿದ್ದಾರೆ, ಆದರೆ ಮಳೆಯಿಂದ ರಸ್ತೆ ಮುಚ್ಚಿ ಯಾರೂ ಅಲ್ಲಿಗೆ ಹೋಗಲಾಗಿಲ್ಲ. ಪೋರ್ಟಲ್ ಅರ್ಧ ದಿನ ಸ್ಥಗಿತವಾಗಿತ್ತು. ಇಂಥ ಕಾರಣ ಎಲ್ಲ ಸ್ಪರ್ಧಿಗಳಿಗೂ ಒಂದೇ ಥರ ತಾಗುತ್ತದೆ. ಎಲ್ಲರಿಗೂ ತಾಗುವ ಕಾರಣಕ್ಕೆ ಎಲ್ಲರಿಗೂ ಸಮಯ ಕೊಡುವುದು ಸಹಜ ಎಂದು ಅಧಿಕಾರಿ ಧೈರ್ಯವಾಗಿ ಟಿಪ್ಪಣಿ ಬರೆಯಬಹುದು.

ಇವುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಮೊದಲನೆಯದು. ಟೆಂಡರ್ ದಸ್ತಾವೇಜಿನ ಆರಂಭದಲ್ಲಿ ಟೆಂಡರ್‌ದಾರರಿಗೆ ಸೂಚನೆಗಳು ಎಂಬ ಭಾಗ ಇರುತ್ತದೆ. ಕಡೆಯ ದಿನಾಂಕದೊಳಗೆ ತಿದ್ದುಪಡಿ ಹೊರಡಿಸಲು ಖರೀದಿದಾರರಿಗೆ ಅಧಿಕಾರ ಕೊಡುವ ಒಂದು ಖಂಡ ಅಲ್ಲಿರುತ್ತದೆ. ಅದರ ಬೆನ್ನಿಗೇ, ಆ ತಿದ್ದುಪಡಿಯನ್ನು ಗಮನಕ್ಕೆ ತೆಗೆದುಕೊಳ್ಳಲು ಟೆಂಡರ್‌ದಾರರಿಗೆ ಸಾಕಷ್ಟು ಸಮಯ ಸಿಗುವಂತೆ ಅಗತ್ಯವಿದ್ದಷ್ಟು ಗಡುವು ವಿಸ್ತರಿಸಬೇಕು ಎಂಬ ಮಾತು ಬರುತ್ತದೆ. ರಾಜ್ಯದ ಮಾದರಿ ಟೆಂಡರ್ ದಸ್ತಾವೇಜುಗಳಲ್ಲೂ ಈ ಬಗೆಯ ಖಂಡವಿದೆ. ತಿದ್ದುಪಡಿ ಬಂದ ಮೇಲೆ ಸಮಯ ಕೇಳುವವರು ಅನುಗ್ರಹ ಬೇಡುತ್ತಿಲ್ಲ, ದಸ್ತಾವೇಜಿನಲ್ಲೇ ಬರೆದಿರುವುದನ್ನು ನೆನಪಿಸುತ್ತಿದ್ದಾರೆ. ಖಂಡದ ಸಂಖ್ಯೆಯನ್ನು ಹುಡುಕಿ ಪತ್ರದಲ್ಲಿ ಬರೆದರೆ ಅರ್ಧ ಕೆಲಸ ಆದ ಹಾಗೆ.

ಒಂದು ಪಂಪ್ ಟೆಂಡರಿನ ಲೆಕ್ಕ

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಗ್ರಾಮೀಣ ಕುಡಿಯುವ ನೀರಿನ ಯೋಜನೆಗಾಗಿ ಒಂದು ವಿಭಾಗದ ಕಾರ್ಯಪಾಲಕ ಎಂಜಿನಿಯರ್ 40 ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗಳಿಗೆ ಟೆಂಡರ್ ಕರೆದಿದ್ದಾರೆ ಎಂದುಕೊಳ್ಳಿ. ಪ್ರಕಟವಾದದ್ದು ಜುಲೈ 1, ಸೋಮವಾರ. ಕೊನೆಯ ದಿನ ಜುಲೈ 31, ಬುಧವಾರ ಸಂಜೆ 4 ಗಂಟೆ. ಟೆಂಡರ್ ಪೂರ್ವ ಸಭೆ ಜುಲೈ 11ಕ್ಕೆ. ಮೂಲ ಷರತ್ತಿನ ಪ್ರಕಾರ ಪಂಪ್‌ಗೆ ತಯಾರಕರ ಸ್ವಂತ ಪರೀಕ್ಷಾ ವರದಿ ಕೊಟ್ಟರೆ ಸಾಕಿತ್ತು.

ಜುಲೈ 22, ಸೋಮವಾರ ಸಂಜೆ ಪೋರ್ಟಲ್‌ನಲ್ಲಿ ತಿದ್ದುಪಡಿ ಬಂತು. ಪಂಪ್‌ಸೆಟ್ ಐಎಸ್ 8034 ಮಾನಕಕ್ಕೆ ತಕ್ಕಂತಿದೆ ಎಂದು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯನ್ನು ಟೆಂಡರ್ ಜತೆಗೇ ಕೊಡಬೇಕು, ಇಲ್ಲದಿದ್ದರೆ ತಾಂತ್ರಿಕ ಹಂತದಲ್ಲೇ ತಿರಸ್ಕಾರ ಎಂದು ಅದರಲ್ಲಿತ್ತು. ಕೊನೆಯ ದಿನಾಂಕ ಮಾತ್ರ ಬದಲಾಗಲಿಲ್ಲ. ಹುಬ್ಬಳ್ಳಿಯ ಒಂದು ಸಣ್ಣ ತಯಾರಿಕಾ ಘಟಕ ಈ ಟೆಂಡರಿಗೆ ಸಿದ್ಧತೆ ನಡೆಸಿದೆ. ಅದರ ಪಂಪ್ ಚೆನ್ನಾಗಿದೆ, ದರವೂ ಕೈಗೆಟಕುವಂತಿದೆ. ಹೊರಗಿನ ಪ್ರಯೋಗಾಲಯದ ವರದಿ ಮಾತ್ರ ಅವರಲ್ಲಿಲ್ಲ.

ಇಲ್ಲಿ ಘಟಕದವರು ಮೊದಲು ಮಾಡಬೇಕಾದ ಕೆಲಸ ಪ್ರಯೋಗಾಲಯಕ್ಕೆ ಇ-ಮೇಲ್ ಕಳಿಸುವುದು. ಪತ್ರ ಬರೆಯುವುದು ಆಮೇಲೆ. ಮಾದರಿ ತಲುಪಿದ ಮೇಲೆ ವರದಿಗೆ 12 ಕೆಲಸದ ದಿನ ಬೇಕು ಎಂದು ಪ್ರಯೋಗಾಲಯ ಬರೆದು ತಿಳಿಸುತ್ತದೆ. ಈಗ ಕ್ಯಾಲೆಂಡರ್ ಹಿಡಿದು ಎಣಿಸಬೇಕು. ಮಾದರಿ ಪಂಪನ್ನು 24ರ ಬುಧವಾರ ಕಳಿಸಿದರೆ 25ರ ಗುರುವಾರ ತಲುಪುತ್ತದೆ. ಶುಕ್ರವಾರದಿಂದ ಎಣಿಸಿ, ಶನಿವಾರ ಭಾನುವಾರಗಳನ್ನು ಬಿಟ್ಟರೆ ಹನ್ನೆರಡನೆಯ ಕೆಲಸದ ದಿನ ಆಗಸ್ಟ್ 12, ಸೋಮವಾರ. ವರದಿ ಪರಿಶೀಲಿಸಿ, ಸಹಿ ಮಾಡಿ, ಅಪ್‌ಲೋಡ್ ಮಾಡಲು ಎರಡು ದಿನ. ಆಗಸ್ಟ್ 14, ಬುಧವಾರ ಸಂಜೆ 4 ಗಂಟೆಯಾದರೆ ಸಾಕು. ಹಳೆಯ ಗಡುವಿನಿಂದ ಲೆಕ್ಕ ಹಾಕಿದರೆ ಸರಿಯಾಗಿ 14 ದಿನ.

ಈ ಎಣಿಕೆಯೇ ಕೋರಿಕೆಯ ಬೆನ್ನೆಲುಬು. ಅನೇಕರು ಒಂದು ತಿಂಗಳು ಕೇಳೋಣ, ಹದಿನೈದು ದಿನ ಕೊಟ್ಟರೂ ಸಾಕು ಎಂದು ಚೌಕಾಸಿಯ ಲೆಕ್ಕದಲ್ಲಿ ಬರೆಯುತ್ತಾರೆ. ತಿಂಗಳು ಯಾಕೆ ಎಂದು ಮೇಲಧಿಕಾರಿ ಕೇಳಿದರೆ ಟಿಪ್ಪಣಿ ಬರೆದವರ ಬಳಿ ಉತ್ತರವಿರುವುದಿಲ್ಲ. ಕಡತ ಅಲ್ಲಿಂದಲೇ ಹಿಂದಿರುಗುತ್ತದೆ. 14 ದಿನ ಎಂದು ಕೇಳಿ, ಪ್ರತಿ ದಿನ ಎಲ್ಲಿ ಖರ್ಚಾಗುತ್ತದೆ ಎಂದು ತೋರಿಸಿದರೆ ಅದನ್ನು ಕಡಿಮೆ ಮಾಡುವುದೂ ಕಷ್ಟ, ನಿರಾಕರಿಸುವುದೂ ಕಷ್ಟ.

ಪತ್ರ ಹೀಗಿರಲಿ

ತಿದ್ದುಪಡಿ ಬಂದ ಮರುದಿನವೇ, ಅಂದರೆ ಜುಲೈ 23ಕ್ಕೆ ಪತ್ರ ಹೋಗಬೇಕು. ಒಂದೇ ಪುಟ ಸಾಕು.

ಇವರಿಗೆ,
ಕಾರ್ಯಪಾಲಕ ಎಂಜಿನಿಯರ್ ಅವರು (ಟೆಂಡರ್ ಆಹ್ವಾನಿಸುವ ಪ್ರಾಧಿಕಾರ)

ಮಾನ್ಯರೇ,

ವಿಷಯ: 40 ಸಬ್‌ಮರ್ಸಿಬಲ್ ಪಂಪ್‌ಸೆಟ್ ಸರಬರಾಜು ಟೆಂಡರ್ ಸಲ್ಲಿಕೆಯ ಕೊನೆಯ ದಿನಾಂಕವನ್ನು 14.08ರ ಸಂಜೆ 4 ಗಂಟೆಯವರೆಗೆ ವಿಸ್ತರಿಸಲು ಕೋರಿಕೆ.

ಉಲ್ಲೇಖ: 1. ತಮ್ಮ ಟೆಂಡರ್ ಪ್ರಕಟಣೆ, ದಿನಾಂಕ 01.07. 2. ತಿದ್ದುಪಡಿ ಸಂಖ್ಯೆ 1, ದಿನಾಂಕ 22.07.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ 1ರ ಟೆಂಡರಿನಲ್ಲಿ ಭಾಗವಹಿಸಲು ನಾವು ಸಿದ್ಧತೆ ನಡೆಸಿದ್ದು, 11.07ರ ಟೆಂಡರ್ ಪೂರ್ವ ಸಭೆಗೂ ಹಾಜರಾಗಿದ್ದೇವೆ. ಮೂಲ ದಸ್ತಾವೇಜಿನಲ್ಲಿ ತಯಾರಕರ ಪರೀಕ್ಷಾ ವರದಿ ಕೇಳಲಾಗಿತ್ತು. ಉಲ್ಲೇಖ 2ರ ತಿದ್ದುಪಡಿಯಲ್ಲಿ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ವರದಿಯನ್ನು ಕಡ್ಡಾಯಗೊಳಿಸಲಾಗಿದೆ. ಈ ಬದಲಾವಣೆಗೆ ನಮ್ಮ ಆಕ್ಷೇಪವಿಲ್ಲ.

ಪ್ರಯೋಗಾಲಯವು ಮಾದರಿ ತಲುಪಿದ ನಂತರ ವರದಿಗೆ 12 ಕೆಲಸದ ದಿನ ಬೇಕೆಂದು ತಿಳಿಸಿದೆ (ಲಗತ್ತು 1). 24.07ರಂದು ಮಾದರಿ ರವಾನಿಸಿ, 25.07ರಂದು ತಲುಪಿದರೆ 12.08ಕ್ಕೆ ವರದಿ ದೊರೆಯುತ್ತದೆ. ಟೆಂಡರ್ ಸಲ್ಲಿಕೆಗೆ ಎರಡು ದಿನ ಬೇಕಾಗುತ್ತದೆ. ತಿದ್ದುಪಡಿಯ ದಿನದಿಂದ ಈಗಿನ ಗಡುವಿಗೆ ಇರುವುದು 9 ದಿನ ಮಾತ್ರ. ವರದಿ ಇಲ್ಲದ ಇತರ ತಯಾರಕರಿಗೂ ಇದೇ ತೊಂದರೆ ಇರುತ್ತದೆ.

ತಿದ್ದುಪಡಿ ಹೊರಡಿಸಿದಾಗ ಟೆಂಡರ್‌ದಾರರಿಗೆ ಸಾಕಷ್ಟು ಸಮಯ ಸಿಗುವಂತೆ ಗಡುವು ವಿಸ್ತರಿಸಲು ದಸ್ತಾವೇಜಿನ ಸೂಚನೆಗಳ ಭಾಗದಲ್ಲಿ ಅವಕಾಶವಿದೆ. ಆದ್ದರಿಂದ ಕೊನೆಯ ದಿನಾಂಕವನ್ನು 14.08ರ ಸಂಜೆ 4 ಗಂಟೆಯವರೆಗೆ ಎಲ್ಲ ಟೆಂಡರ್‌ದಾರರಿಗೂ ವಿಸ್ತರಿಸಬೇಕೆಂದು ಕೋರುತ್ತೇವೆ. ಅದು ಸಾಧ್ಯವಾಗದಿದ್ದಲ್ಲಿ, ಮಾದರಿ ಸ್ವೀಕರಿಸಿದ ಬಗ್ಗೆ ಪ್ರಯೋಗಾಲಯದ ರಸೀದಿಯನ್ನು ಟೆಂಡರ್ ಜತೆ ಸಲ್ಲಿಸಿ, ವರದಿಯನ್ನು 14.08ರೊಳಗೆ ಒದಗಿಸಲು ಎಲ್ಲರಿಗೂ ಅವಕಾಶ ನೀಡುವ ತಿದ್ದುಪಡಿಯನ್ನು ಪರಿಗಣಿಸಬೇಕೆಂದು ವಿನಂತಿಸುತ್ತೇವೆ. ಟೆಂಡರಿನಲ್ಲಿ ಹೇಳಿರುವ ಸರಬರಾಜು ಅವಧಿಯಲ್ಲಿ ನಾವು ಯಾವ ಬದಲಾವಣೆಯನ್ನೂ ಕೋರುತ್ತಿಲ್ಲ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ

ಪತ್ರದಲ್ಲಿ ಎರಡು ಮೂರು ವಾಕ್ಯಗಳನ್ನು ಬೇಕೆಂದೇ ಹಾಗೆ ಬರೆದಿದೆ. ಬದಲಾವಣೆಗೆ ಆಕ್ಷೇಪವಿಲ್ಲ ಎನ್ನುವ ಮಾತು ಅಧಿಕಾರಿಯ ಒಂದು ಅನುಮಾನವನ್ನು ಕಳೆಯುತ್ತದೆ. ಸಮಯ ಕೇಳುವ ನೆಪದಲ್ಲಿ ಷರತ್ತನ್ನೇ ಸಡಿಲಿಸಲು ಬಂದವರು ಅವರಿಗೆ ಹೊಸಬರಲ್ಲ. ಷರತ್ತಿನ ಬಗ್ಗೆ ನಿಜವಾಗಿಯೂ ಆಕ್ಷೇಪವಿದ್ದರೆ ಅದನ್ನು ಬೇರೆ ಪತ್ರದಲ್ಲಿ ಬರೆಯಬೇಕು. ಎರಡನ್ನೂ ಬೆರೆಸಿದರೆ ಷರತ್ತಿನ ಚರ್ಚೆ ಮುಗಿಯುವವರೆಗೆ ಸಮಯದ ಕೋರಿಕೆ ಕೂರುತ್ತದೆ, ಅಷ್ಟರಲ್ಲಿ ಗಡುವು ಬಂದಿರುತ್ತದೆ.

ಎಲ್ಲ ಟೆಂಡರ್‌ದಾರರಿಗೂ ಎನ್ನುವ ಮಾತು ಎರಡು ಸಲ ಬಂದಿದೆ. ಅಧಿಕಾರಿ ತಮ್ಮ ಟಿಪ್ಪಣಿಯಲ್ಲಿ ಬರೆಯಬೇಕಾದ ಮಾತನ್ನೇ ನೀವು ಬರೆದುಕೊಟ್ಟಂತಾಯಿತು. ಪರ್ಯಾಯವೊಂದನ್ನು ಸೂಚಿಸಿರುವುದಕ್ಕೂ ಕಾರಣವಿದೆ. ಅನುದಾನ ಬಳಸುವ ಗಡುವೋ ಬೇಸಿಗೆಯ ನೀರಿನ ಅಭಾವವೋ ತಲೆಯ ಮೇಲಿದ್ದರೆ ದಿನಾಂಕ ಮುಂದೂಡುವುದು ಅವರ ಕೈಯಲ್ಲಿರುವುದಿಲ್ಲ. ಮಾರ್ಚ್ ತಿಂಗಳಲ್ಲಂತೂ ಹಣಕಾಸು ವರ್ಷ 31ಕ್ಕೆ ಮುಗಿಯುವುದರಿಂದ ಏಪ್ರಿಲ್‌ಗೆ ದಾಟುವ ವಿಸ್ತರಣೆಯನ್ನು ಯಾವ ಕಚೇರಿಯೂ ಸುಲಭವಾಗಿ ಒಪ್ಪುವುದಿಲ್ಲ. ಅಂಥ ಹೊತ್ತಿನಲ್ಲಿ ಎರಡನೆಯ ದಾರಿ ಇದ್ದರೆ ಕೋರಿಕೆ ಪೂರ್ತಿ ಬಿದ್ದುಹೋಗುವುದಿಲ್ಲ.

ಸ್ಪಷ್ಟೀಕರಣ ಕೇಳಲು ದಸ್ತಾವೇಜಿನಲ್ಲಿ ಬೇರೆಯೇ ಕಾಲಮಿತಿ ಇರುತ್ತದೆ ಎನ್ನುವುದನ್ನೂ ಗಮನಿಸಬೇಕು. ಕೊನೆಯ ದಿನಾಂಕಕ್ಕೆ 15 ದಿನ ಮೊದಲು ಬಂದ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತೇವೆ ಎಂದು ಅನೇಕ ಮಾದರಿಗಳಲ್ಲಿ ಬರೆದಿರುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಮಿತಿ ಜುಲೈ 16ಕ್ಕೇ ದಾಟಿದೆ. ಆದರೂ ಕೋರಿಕೆ ನಿಲ್ಲುತ್ತದೆ, ಏಕೆಂದರೆ ಅದು 22ರ ತಿದ್ದುಪಡಿಯಿಂದ ಹುಟ್ಟಿದ್ದು. ಮೂಲ ದಸ್ತಾವೇಜಿನಲ್ಲೇ ಇದ್ದ ಷರತ್ತಿನ ಬಗ್ಗೆ 23ಕ್ಕೆ ಸಮಯ ಕೇಳಿದ್ದರೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಉತ್ತರ ಇರುತ್ತಿರಲಿಲ್ಲ.

ಪತ್ರ ಕೊಟ್ಟ ಮೇಲೆ

ಪತ್ರವನ್ನು ಟೆಂಡರ್ ಪ್ರಕಟಣೆಯಲ್ಲಿ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳಿಸಿ, ಪೋರ್ಟಲ್‌ನಲ್ಲಿ ಪ್ರಶ್ನೆ ಕೇಳಲು ಅವಕಾಶವಿದ್ದರೆ ಅಲ್ಲೂ ಹಾಕಬೇಕು. ಒಂದು ಪ್ರತಿಯನ್ನು ಕಚೇರಿಯ ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಬೇಕು. ಮರುದಿನ ಫೋನ್ ಮಾಡುವುದರಲ್ಲಿ ತಪ್ಪಿಲ್ಲ. ಮಾತು ಇಷ್ಟರಲ್ಲೇ ಮುಗಿಯಬೇಕು:

‘ನಮಸ್ಕಾರ ಸರ್, ಪಂಪ್‌ಸೆಟ್ ಟೆಂಡರಿನ ತಿದ್ದುಪಡಿ ಬಗ್ಗೆ ನಿನ್ನೆ ಒಂದು ಪತ್ರ ಕೊಟ್ಟಿದ್ದೆವು. ಕಡತಕ್ಕೆ ಬಂದಿದೆಯಾ ಅಂತ ಕೇಳೋಣ ಅಂತ ಫೋನ್ ಮಾಡಿದೆ.’

‘ಬಂದಿದೆ. ಸಾಹೇಬರ ಮುಂದೆ ಇಡ್ತೀನಿ. ಏನಾದರೂ ಆದರೆ ಪೋರ್ಟಲ್‌ನಲ್ಲೇ ಹಾಕ್ತೀವಿ, ನೋಡ್ತಾ ಇರಿ.’

‘ಆಯ್ತು ಸರ್. ಪ್ರಯೋಗಾಲಯದ ಇ-ಮೇಲ್ ಮೂಲಪ್ರತಿ ಬೇಕಿದ್ದರೆ ಇವತ್ತೇ ತಂದುಕೊಡ್ತೀವಿ.’

ಇನ್ನು ಯಾರು ಯಾರು ಟೆಂಡರ್ ಹಾಕುತ್ತಿದ್ದಾರೆ, ಎಷ್ಟು ದರ ಬರಬಹುದು ಎಂಬ ಮಾತಿಗೆ ಹೋಗಬಾರದು. ಆ ಮಾತು ತೆಗೆದವರ ಪತ್ರದ ಬಗ್ಗೆಯೂ ಅನುಮಾನ ಹುಟ್ಟುತ್ತದೆ. ಪ್ರತಿಸ್ಪರ್ಧಿಗಳೆಲ್ಲ ಸೇರಿ ಒಂದೇ ನಮೂನೆಯ ಪತ್ರಗಳನ್ನು ಕಳಿಸುವುದೂ ಅಪಾಯಕಾರಿ. ಕೂಡಿಕೊಂಡು ಟೆಂಡರ್ ಹಾಕುವವರು ಇವರೇ ಎಂಬ ಅನುಮಾನಕ್ಕೆ ಅದು ದಾಖಲೆಯಾಗಿಬಿಡುತ್ತದೆ. ತೊಂದರೆ ಎಲ್ಲರಿಗೂ ಇದ್ದರೆ ಪ್ರತಿಯೊಬ್ಬರೂ ತಮ್ಮ ಕಾರಣವನ್ನು ತಮ್ಮದೇ ಪತ್ರದಲ್ಲಿ ಬರೆಯಲಿ.

ಫೋನಿನಲ್ಲಿ ‘ಆಗುತ್ತೆ ಬಿಡಿ’ ಎಂದು ಯಾರಾದರೂ ಹೇಳಿದರೆ ಅದು ವಿಸ್ತರಣೆ ಅಲ್ಲ. ಪೋರ್ಟಲ್‌ನಲ್ಲಿ ತಿದ್ದುಪಡಿ ಪ್ರಕಟವಾಗಿ, ಟೆಂಡರಿನ ಪುಟದಲ್ಲಿ ಹೊಸ ದಿನಾಂಕ ಮೂಡಿದಾಗ ಮಾತ್ರ ವಿಸ್ತರಣೆ ಆಯಿತು ಎಂದು ತಿಳಿಯಬೇಕು. ಕೆಲವು ಸಲ ತಿದ್ದುಪಡಿಯ ಪತ್ರವನ್ನು ಕಡತವಾಗಿ ಹಾಕಿರುತ್ತಾರೆ, ಆದರೆ ಸಾಫ್ಟ್‌ವೇರ್‌ನಲ್ಲಿ ದಿನಾಂಕ ಬದಲಿಸುವುದನ್ನು ಮರೆತಿರುತ್ತಾರೆ. ಆಗ ಹಳೆಯ ದಿನವೇ ಪೋರ್ಟಲ್ ಮುಚ್ಚುತ್ತದೆ. ಎರಡೂ ಕಡೆ ಒಂದೇ ದಿನಾಂಕ ಇದೆಯೇ ಎಂದು ಕಣ್ಣಾರೆ ನೋಡಿ, ವ್ಯತ್ಯಾಸ ಕಂಡರೆ ಕೂಡಲೇ ಕಚೇರಿಗೆ ತಿಳಿಸಬೇಕು. ಅಲ್ಲಿಯವರೆಗೆ ಜುಲೈ 31ಕ್ಕೇ ಸಲ್ಲಿಸಬೇಕು ಎಂಬಂತೆ ಸಿದ್ಧತೆ ನಡೆಯುತ್ತಲೇ ಇರಬೇಕು. ಮಾದರಿ ಪಂಪನ್ನು 24ಕ್ಕೇ ಕಳಿಸಬೇಕು, ಒಪ್ಪಿಗೆ ಬರಲಿ ಎಂದು ಕಾಯಬಾರದು. ಕಾದು 29ಕ್ಕೆ ಕಳಿಸಿದರೆ, ಕೇಳಿದ 14 ದಿನ ಸಿಕ್ಕರೂ ವರದಿ ಕೈಗೆ ಬರುವುದಿಲ್ಲ.

ವಿಸ್ತರಣೆ ಸಿಕ್ಕ ಮೇಲೂ ಒಂದು ಬಲೆ ಉಳಿದಿರುತ್ತದೆ. ಮುಂಗಡ ಠೇವಣಿಯನ್ನು ಬ್ಯಾಂಕ್ ಗ್ಯಾರಂಟಿಯಾಗಿ ಕೊಡುವ ಟೆಂಡರುಗಳಲ್ಲಿ ಅದರ ಅವಧಿಯನ್ನು ಟೆಂಡರ್ ದಿನಾಂಕದಿಂದ ಲೆಕ್ಕ ಹಾಕಿರುತ್ತಾರೆ. ಬಿಡ್‌ನ ಸಿಂಧುತ್ವ ಮುಗಿದ ಮೇಲೂ 45 ದಿನ ಅದು ಜೀವಂತವಿರಬೇಕು ಎನ್ನುವುದು ಕೇಂದ್ರದ ನಿಯಮಗಳಲ್ಲಿರುವ ಸಾಮಾನ್ಯ ಪದ್ಧತಿ. ನಮ್ಮ ಟೆಂಡರಿನಲ್ಲಿ ಬಿಡ್ ಸಿಂಧುತ್ವ ಕೊನೆಯ ದಿನದಿಂದ 90 ದಿನ ಇದೆ, ಗ್ಯಾರಂಟಿ ಅದಕ್ಕಿಂತ 45 ದಿನ ಹೆಚ್ಚಿಗೆ ಬೇಕು ಎಂದಿಟ್ಟುಕೊಳ್ಳಿ. ಜುಲೈ 31ರ ಲೆಕ್ಕದಲ್ಲಿ ಮಾಡಿಸಿದ ಗ್ಯಾರಂಟಿ ಡಿಸೆಂಬರ್ 13ಕ್ಕೆ ಮುಗಿಯುತ್ತದೆ. ಗಡುವು ಆಗಸ್ಟ್ 14ಕ್ಕೆ ಹೋದ ಮೇಲೆ ಅದು ಡಿಸೆಂಬರ್ 27ರವರೆಗೆ ಇರಬೇಕು. ತಿದ್ದುಪಡಿಯಲ್ಲಿ ಬೇರೆ ಹೇಳದಿದ್ದರೆ ಹಳೆಯ ಗ್ಯಾರಂಟಿ 14 ದಿನ ಗಿಡ್ಡವಾಯಿತು, ಆ ಒಂದೇ ಕಾರಣಕ್ಕೆ ಬಿಡ್ ತಿರಸ್ಕೃತವಾಗಬಹುದು. ಸಮಯ ಕೇಳಿ ಪಡೆದವರೇ ಹೀಗೆ ಹೊರಬಿದ್ದರೆ ಅದಕ್ಕಿಂತ ದುಃಖದ ಸಂಗತಿ ಇಲ್ಲ. ವಿಸ್ತರಣೆ ಪ್ರಕಟವಾದ ದಿನವೇ ಬ್ಯಾಂಕಿಗೆ ಹೋಗಿ ಅವಧಿ ಬದಲಿಸಿಕೊಳ್ಳಬೇಕು. ಆಗಲೇ ಟೆಂಡರ್ ಸಲ್ಲಿಸಿದವರು ಕೂಡ ತಿದ್ದುಪಡಿಯನ್ನು ಓದಿ, ಅಗತ್ಯವಿದ್ದರೆ ಹೊಸ ಗಡುವಿನೊಳಗೆ ತಮ್ಮ ಬಿಡ್ ಹಿಂಪಡೆದು ಮರುಸಲ್ಲಿಸಬೇಕು.

ಒಪ್ಪದಿದ್ದರೆ

ಒಳ್ಳೆಯ ಕಾರಣಕ್ಕೂ ‘ಇಲ್ಲ’ ಎಂಬ ಉತ್ತರ ಬರಬಹುದು. ಆರು ತಯಾರಕರ ಬಳಿ ಆಗಲೇ ಎನ್‌ಎಬಿಎಲ್ ವರದಿ ಇದೆ, ಸ್ಪರ್ಧೆಗೆ ಕೊರತೆಯಿಲ್ಲ ಎಂದು ಅಧಿಕಾರಿಗೆ ಗೊತ್ತಿದ್ದರೆ ಅವರ ನಿರ್ಧಾರವನ್ನು ತಪ್ಪು ಎನ್ನಲಾಗದು. ಉತ್ತರವೇ ಬರದಿದ್ದರೆ ಗಡುವಿಗೆ ಮೂರು ನಾಲ್ಕು ದಿನ ಇರುವಾಗಲೇ, ಮೊದಲ ಪತ್ರವನ್ನು ಉಲ್ಲೇಖಿಸಿ ಅಧೀಕ್ಷಕ ಎಂಜಿನಿಯರ್ ಅವರಿಗೆ ಬರೆಯಬಹುದು. ಅದರ ಪ್ರತಿ ಕಾರ್ಯಪಾಲಕ ಎಂಜಿನಿಯರ್ ಅವರಿಗೂ ಹೋಗಬೇಕು. ಮೊದಲ ಪತ್ರವನ್ನೇ ಮೇಲಿನವರಿಗೆ ಕಳಿಸುವುದು ಸರಿಯಲ್ಲ. ಅದು ಕೆಳಗೇ ವಾಪಸ್ ಬರುತ್ತದೆ, ಅಷ್ಟರಲ್ಲಿ ಎರಡು ದಿನ ಹೋಗಿರುತ್ತದೆ.

ಈ ಒತ್ತಡದಲ್ಲಿ ಕೆಲವರು ಹಳೆಯ ವರದಿಯ ದಿನಾಂಕ ತಿದ್ದುವುದು, ಬೇರೆ ಮಾದರಿಯ ಪಂಪ್‌ನ ವರದಿಯನ್ನು ಇದಕ್ಕೆ ಲಗತ್ತಿಸುವುದು ಇಂಥ ದಾರಿ ಹಿಡಿಯುತ್ತಾರೆ. ಒಂದು ಟೆಂಡರ್ ತಪ್ಪಿಹೋದರೆ ಮುಂದಿನದಕ್ಕೆ ಕಾಯಬಹುದು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಠೇವಣಿ ಮುಟ್ಟುಗೋಲಾಗಿ, ಸಂಸ್ಥೆ ಕಪ್ಪುಪಟ್ಟಿಗೆ ಸೇರಿ, ಮುಂದಿನ ಟೆಂಡರುಗಳ ಬಾಗಿಲೂ ಮುಚ್ಚುತ್ತದೆ. ಗಡುವು ವಿಸ್ತರಣೆ ಆಗದಿದ್ದರೂ ಮಾದರಿಯನ್ನು ಪರೀಕ್ಷೆಗೆ ಕಳಿಸಿದ್ದು ವ್ಯರ್ಥವಲ್ಲ. ಆಗಸ್ಟ್ 12ಕ್ಕೆ ಬರುವ ವರದಿ ಮುಂದಿನ ಪಂಪ್ ಟೆಂಡರಿಗೆ ಮೊದಲ ದಿನದಿಂದಲೇ ಕೈಯಲ್ಲಿರುತ್ತದೆ.

ಟೆಂಡರ್ ಕರೆಯುವ ಅಧಿಕಾರಿಗಳಲ್ಲೂ ಒಂದು ಮನವಿ ಇದೆ. ಹೊಸ ದಾಖಲೆ ಬೇಡುವ ತಿದ್ದುಪಡಿಯನ್ನು ಹೊರಡಿಸುವ ದಿನವೇ ಆ ದಾಖಲೆ ತರಲು ಎಷ್ಟು ದಿನ ಬೇಕು ಎಂದು ಒಂದು ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿ, ಅದೇ ತಿದ್ದುಪಡಿಯಲ್ಲಿ ಹೊಸ ದಿನಾಂಕವನ್ನೂ ಹಾಕಬಹುದು. ಆಗ ಯಾರೂ ಪತ್ರ ಹಿಡಿದು ಬರಬೇಕಾಗಿಲ್ಲ, ಯಾರ ಕೋರಿಕೆಗೆ ಮಣಿದಿರಿ ಎಂದು ಯಾರೂ ಕೇಳುವುದೂ ಇಲ್ಲ. ಟೆಂಡರ್ ಹಾಕುವವರಿಗೆ ಹೇಳಬೇಕಾದದ್ದು ಇಷ್ಟು: ದಸ್ತಾವೇಜು ಕೈಗೆ ಬಂದ ದಿನವೇ ಯಾವ ಕಾಗದ ಎಲ್ಲಿಂದ ಎಷ್ಟು ದಿನಕ್ಕೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ, ಗಡುವು ಮುಗಿಯುವವರೆಗೆ ಪ್ರತಿದಿನ ಒಮ್ಮೆ ಪೋರ್ಟಲ್ ನೋಡಿ, ಸಮಯ ಸಾಲದು ಎಂದು ಲೆಕ್ಕ ಹೇಳಿದ ದಿನವೇ ಪತ್ರ ಬರೆಯಿರಿ.